ಅನಲಿಟಿಕಲ್ ಕೆಮಿಸ್ಟ್ರಿ ಸ್ನಾತಕೋತ್ತರ ಕೋರ್ಸ್‌ಗೆ ಶಿಫಾರಸು ಪತ್ರ: ಲ್ಯಾಬ್ ಮಾರ್ಗದರ್ಶಕರು ಬರೆಯುವುದು ಹೇಗೆ?

ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ನನ್ನ ಹತ್ತಿರ ಕೆಲಸ ಕಲಿತ ಹುಡುಗಿ ಅನಲಿಟಿಕಲ್ ಕೆಮಿಸ್ಟ್ರಿ ಮಾಸ್ಟರ್ಸ್‌ಗೆ ಅರ್ಜಿ ಹಾಕುತ್ತಿದ್ದಾಳೆ. ಒಳ್ಳೆಯ ಹುಡುಗಿ. ಆದರೆ ಪತ್ರ ಬರೆಯಲು ಕೂತರೆ ನಾಲ್ಕು ಸಾಲು ಆದ ಮೇಲೆ ಏನು ಬರೆಯಬೇಕು ಅಂತಲೇ ಹೊಳೆಯುವುದಿಲ್ಲ. ಏನು ಮಾಡಲಿ?"

ಉತ್ತರ ಲ್ಯಾಬ್ ನೋಟ್‌ಬುಕ್‌ನಲ್ಲಿದೆ. ತರಗತಿಯಲ್ಲಿ ಪಾಠ ಮಾಡಿದವರಿಗೆ ವಿದ್ಯಾರ್ಥಿಯ ಅಂಕ ಗೊತ್ತಿರುತ್ತದೆ. ಆ ಅಂಕ ಹೇಗೂ ಅಂಕಪಟ್ಟಿಯಲ್ಲಿದೆ. ಆದರೆ ಉಪಕರಣ ಕೊಟ್ಟ ಸಂಖ್ಯೆಯನ್ನು ಕಂಡು ವಿದ್ಯಾರ್ಥಿ ಏನು ಮಾಡಿದಳು, ನಂಬಿದಳಾ, ಅನುಮಾನಪಟ್ಟಳಾ, ಅನುಮಾನವನ್ನು ಹೇಗೆ ಪರೀಕ್ಷಿಸಿದಳು ಎಂಬುದು ನಿಮಗೆ ಮಾತ್ರ ಗೊತ್ತು. ಅನಲಿಟಿಕಲ್ ಕೆಮಿಸ್ಟ್ರಿ ಎಂದರೆ ಒಂದು ಸ್ಯಾಂಪಲ್‌ನಲ್ಲಿ ಏನಿದೆ, ಎಷ್ಟಿದೆ ಎಂದು ಹೇಳುವ ಮತ್ತು ಆ ಉತ್ತರವನ್ನು ಎಷ್ಟು ನಂಬಬಹುದು ಎಂದೂ ಹೇಳುವ ವಿದ್ಯೆ. ಆಯ್ಕೆ ಸಮಿತಿ ನಿಮ್ಮ ಪತ್ರದಲ್ಲಿ ಹುಡುಕುವುದು ಆ ಎರಡನೆಯ ಭಾಗವನ್ನು.

ಹಾಗಾಗಿ ಈ ಲೇಖನದಲ್ಲಿ ಪತ್ರದ ನಡುವಿನ ಪ್ಯಾರಾಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಶುರುವಿನ ಮತ್ತು ಕೊನೆಯ ಸಾಲುಗಳು ಸುಲಭ.

1. ಬರೆಯಬೇಕಾ ಬೇಡವಾ ಎಂದು ಮೊದಲು ತೀರ್ಮಾನಿಸಿ

ಈ ವಿದ್ಯಾರ್ಥಿ ಲ್ಯಾಬ್‌ನಲ್ಲಿ ತಾನಾಗಿಯೇ ತೆಗೆದುಕೊಂಡ ಒಂದು ನಿರ್ಧಾರ ನಿಮಗೆ ನೆನಪಿದೆಯೇ? ಇದ್ದರೆ ಬರೆಯಿರಿ. ನೋಟ್‌ಬುಕ್ ನೋಡಿದ ಮೇಲೂ ಅಂಥದ್ದೊಂದು ಸಿಗದಿದ್ದರೆ, "ನನ್ನಿಂದ ಬರುವ ಪತ್ರ ನಿನಗೆ ಅಷ್ಟು ಸಹಾಯ ಮಾಡುವುದಿಲ್ಲ, ನಿನ್ನ ಕೆಲಸವನ್ನು ಇನ್ನೂ ಹತ್ತಿರದಿಂದ ಕಂಡವರನ್ನು ಕೇಳು" ಎಂದು ನೇರವಾಗಿ ಹೇಳಿಬಿಡಿ. ಸಪ್ಪೆ ಪತ್ರಕ್ಕಿಂತ ಇದೇ ವಿದ್ಯಾರ್ಥಿಗೆ ಒಳ್ಳೆಯದು. ಬೇರೆಯವರನ್ನು ಕೇಳಲು ಅವಳಿಗೆ ಸಮಯ ಸಿಗುತ್ತದೆ.

ಇನ್ನೊಂದು ಸಂದರ್ಭವೂ ಸಾಮಾನ್ಯ. ಲ್ಯಾಬ್ ನಿಮ್ಮ ಹೆಸರಿನಲ್ಲಿದೆ, ಆದರೆ ದಿನವೂ ವಿದ್ಯಾರ್ಥಿಯ ಪಕ್ಕ ನಿಂತು ಕಲಿಸಿದ್ದು ನಿಮ್ಮ ಪಿಎಚ್‌ಡಿ ವಿದ್ಯಾರ್ಥಿ. ಆಗ ಅವರ ಜೊತೆ ಅರ್ಧ ಗಂಟೆ ಕೂತು ಕೇಳಿ. ಪತ್ರದಲ್ಲೂ ಅದನ್ನು ಮುಚ್ಚಿಡಬೇಡಿ. "ಪ್ರತಿ ವಾರದ ಚರ್ಚೆಯಲ್ಲಿ ನಾನು ಇವರ ದತ್ತಾಂಶ ನೋಡಿದ್ದೇನೆ. ದಿನನಿತ್ಯದ ಕೆಲಸದ ಬಗ್ಗೆ ನಮ್ಮ ಹಿರಿಯ ಸಂಶೋಧಕರು ಕೊಟ್ಟ ಮಾಹಿತಿಯನ್ನೂ ಇಲ್ಲಿ ಸೇರಿಸಿದ್ದೇನೆ" ಎಂದು ಬರೆದರೆ ಪತ್ರದ ತೂಕ ಕಡಿಮೆ ಆಗುವುದಿಲ್ಲ. ನೀವೇ ಎಲ್ಲವನ್ನೂ ಕಣ್ಣಾರೆ ಕಂಡ ಹಾಗೆ ಬರೆದು, ಸಮಿತಿಯಿಂದ ಫೋನ್ ಬಂದಾಗ ವಿವರ ಗೊತ್ತಿಲ್ಲದೆ ತಡವರಿಸಿದರೆ ಇಡೀ ಅರ್ಜಿಗೇ ಪೆಟ್ಟು.

2. ವಿದ್ಯಾರ್ಥಿಯಿಂದ ಇವನ್ನು ತರಿಸಿಕೊಳ್ಳಿ

ಕೊನೆಯ ದಿನಾಂಕಕ್ಕೆ ಎರಡು ಮೂರು ವಾರ ಮೊದಲೇ ಇವು ನಿಮ್ಮ ಕೈಯಲ್ಲಿರಲಿ:

- ಲ್ಯಾಬ್ ನೋಟ್‌ಬುಕ್, ಅಥವಾ ಅದರ ಸ್ಕ್ಯಾನ್
- ಪ್ರಾಜೆಕ್ಟ್ ವರದಿ ಮತ್ತು ಅದರ ಹಿಂದಿನ ಮೂಲ ದತ್ತಾಂಶದ ಫೈಲು
- ಅರ್ಜಿಗೆ ಅವಳು ಬರೆದ ಉದ್ದೇಶ ಪತ್ರ, ಅಂದರೆ ಈ ಕೋರ್ಸ್ ಯಾಕೆ ಬೇಕು ಎಂದು ಅಭ್ಯರ್ಥಿಯೇ ಬರೆಯುವ ಪ್ರಬಂಧ
- ಕೋರ್ಸ್‌ಗಳ ಪಟ್ಟಿ, ಪ್ರತಿಯೊಂದರ ಕೊನೆಯ ದಿನಾಂಕ, ಪತ್ರ ಸಲ್ಲಿಸುವ ವಿಧಾನ

ಇದರಲ್ಲಿ ನೋಟ್‌ಬುಕ್ ಮುಖ್ಯ. ವರದಿಯಲ್ಲಿ ಎಲ್ಲವೂ ಸರಿಹೋದ ಮೇಲಿನ ಕಥೆ ಇರುತ್ತದೆ. ಎಲ್ಲಿ ಎಡವಿದಳು, ಹೇಗೆ ಕಂಡುಹಿಡಿದಳು ಎಂಬುದು ಇರುವುದು ನೋಟ್‌ಬುಕ್‌ನಲ್ಲಿ. ಉದ್ದೇಶ ಪತ್ರವನ್ನು ಓದುವುದೂ ಅಗತ್ಯ. ಅವಳು ಪ್ರಾಜೆಕ್ಟ್‌ನ ಒಂದು ಕೆಲಸದ ಬಗ್ಗೆ ಬರೆದಿದ್ದರೆ ನೀವು ಅದೇ ಕೆಲಸದಲ್ಲಿ ಅವಳಿಗೆ ಕಾಣದ ಮಗ್ಗುಲನ್ನು ತೋರಿಸಬಹುದು. ಅದೇ ವಾಕ್ಯಗಳನ್ನು ಇನ್ನೊಮ್ಮೆ ಹೇಳಿದರೆ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ. "ಡ್ರಾಫ್ಟ್ ನೀನೇ ಬರೆದು ತಾ, ನಾನು ಸಹಿ ಹಾಕುತ್ತೇನೆ" ಎನ್ನಬೇಡಿ. ಕೆಲಸ ಜಾಸ್ತಿ ಇದ್ದಾಗ ಹಾಗೆ ಹೇಳುವ ಮನಸ್ಸಾಗುತ್ತದೆ, ನನಗೂ ಗೊತ್ತು. ಆದರೆ ಅದು ನಿಮ್ಮ ಅಭಿಪ್ರಾಯ ಅಲ್ಲ, ಮತ್ತು ನಿಮ್ಮ ಅಭಿಪ್ರಾಯ ಎಂದು ನಂಬಿಯೇ ಸಮಿತಿ ಅದನ್ನು ಓದುತ್ತದೆ. ಅದೂ ಅಲ್ಲದೆ ತನ್ನ ಯಾವ ಗುಣ ವಿಶೇಷ ಎಂಬುದು ವಿದ್ಯಾರ್ಥಿಗೆ ಗೊತ್ತಿರುವುದಿಲ್ಲ. ಅವಳು ಕಲಿತ ಉಪಕರಣಗಳ ಪಟ್ಟಿ ಬರೆದು ತರುತ್ತಾಳೆ, ಅಷ್ಟೆ. ಬೇಕಾದರೆ ಹೀಗೆ ಕೇಳಿ: "ಈ ಪ್ರಾಜೆಕ್ಟ್‌ನಲ್ಲಿ ನಿನ್ನ ಯಾವ ಫಲಿತಾಂಶವನ್ನು ನೀನೇ ನಂಬಲಿಲ್ಲ? ಆಮೇಲೆ ಏನು ಮಾಡಿದೆ? ಅರ್ಧ ಪುಟ ಬರೆದು ಕೊಡು." ಅದು ನಿಮ್ಮ ನೆನಪಿಗೆ ಸಹಾಯ. ಪತ್ರ ಮಾತ್ರ ನಿಮ್ಮದೇ ಆಗಿರಲಿ.

3. ನೋಟ್‌ಬುಕ್‌ನಲ್ಲಿ ಆ ಒಂದು ಘಟನೆ ಹುಡುಕಿ

ಪುಟ ತಿರುಗಿಸುವಾಗ ಇಂಥ ಗುರುತು ಹುಡುಕಿ: ಒಂದೇ ಸ್ಯಾಂಪಲ್ ಮತ್ತೆ ಮಾಡಿದ ದಿನ, ಯೋಜನೆಯಲ್ಲಿ ಇಲ್ಲದ ಬ್ಲ್ಯಾಂಕ್ (ಅಳೆಯಬೇಕಾದ ವಸ್ತು ಇಲ್ಲದೆ ಉಳಿದೆಲ್ಲ ಹಾಗೇ ಇರುವ ದ್ರಾವಣ), ಹೊಡೆದು ಹಾಕಿದ ಒಂದು ಸಂಖ್ಯೆಯ ಪಕ್ಕ ಬರೆದ ಕಾರಣ, ವಿಧಾನ ಬದಲಿಸಿದ ದಿನ. ಇಂಥ ಕಡೆಗಳಲ್ಲೇ ನಿರ್ಧಾರ ಇರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಇದು ವಿವರಿಸಲು ಕಟ್ಟಿಕೊಂಡ ಉದಾಹರಣೆ. ಆದರೆ ಇಂಥದ್ದು ಲ್ಯಾಬ್‌ಗಳಲ್ಲಿ ನಡೆಯುತ್ತಲೇ ಇರುತ್ತದೆ.

ಲೋಹಲೇಪನ ಘಟಕದ ತ್ಯಾಜ್ಯನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಅಳೆಯುವುದು ವಿದ್ಯಾರ್ಥಿನಿಯ ಪ್ರಾಜೆಕ್ಟ್. ಒಟ್ಟು 12 ಸ್ಯಾಂಪಲ್. ಉಪಕರಣ ಫ್ಲೇಮ್ ಅಟಾಮಿಕ್ ಅಬ್ಸಾರ್ಪ್ಷನ್ ಸ್ಪೆಕ್ಟ್ರೋಮೀಟರ್. ದ್ರಾವಣವನ್ನು ಜ್ವಾಲೆಯೊಳಗೆ ತುಂತುರಾಗಿ ಬಿಟ್ಟು, ತಾಮ್ರದ ಪರಮಾಣುಗಳು 324.8 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತವೆ ಎಂದು ಅದು ಅಳೆಯುತ್ತದೆ.

ಮೊದಲು ಅವಳು ಗೊತ್ತಿರುವ ಪ್ರಮಾಣದ ಐದು ದ್ರಾವಣಗಳನ್ನು ಶೇಕಡಾ 2ರ ನೈಟ್ರಿಕ್ ಆಮ್ಲದಲ್ಲಿ ತಯಾರಿಸಿ ಕ್ಯಾಲಿಬ್ರೇಶನ್ ರೇಖೆ ಎಳೆದಳು, ಅಂದರೆ ಇಷ್ಟು ತಾಮ್ರಕ್ಕೆ ಇಷ್ಟು ಸಿಗ್ನಲ್ ಎಂಬ ಗೆರೆ. ಗೆರೆಯ ಇಳಿಜಾರು ಪ್ರತಿ ಮಿಲಿಗ್ರಾಂ/ಲೀಟರ್‌ಗೆ 0.120. ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂದು ಹೇಳುವ ಆರ್-ಸ್ಕ್ವೇರ್ 0.9996. ನೋಡಲು ತುಂಬಾ ಚೆನ್ನಾಗಿದೆ. ಒಂದು ಸ್ಯಾಂಪಲ್ ಓದಿಸಿದಾಗ 1.23 ಮಿಲಿಗ್ರಾಂ/ಲೀಟರ್ ಬಂತು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಇವಳು ಅದೇ ಸ್ಯಾಂಪಲ್‌ಗೆ ಲೀಟರಿಗೆ 1.00 ಮಿಲಿಗ್ರಾಂ ಆಗುವಷ್ಟು ತಾಮ್ರ ಸೇರಿಸಿ ಮತ್ತೆ ಓದಿಸಿದಳು. ಇದನ್ನು ಸ್ಪೈಕ್ ರಿಕವರಿ ಎನ್ನುತ್ತಾರೆ. ಸೇರಿಸಿದ್ದೆಲ್ಲ ವಾಪಸ್ ಕಾಣಬೇಕು. ಆದರೆ ಹೆಚ್ಚಾಗಿದ್ದು 0.82 ಮಾತ್ರ, ಅಂದರೆ ಶೇಕಡಾ 82.

ಪಿಪೆಟ್ ತಪ್ಪಿರಬಹುದು ಎಂದು ಮೊದಲು ಅನ್ನಿಸುತ್ತದೆ, ಅಲ್ವಾ? ಅವಳು ಅದೇ ಪಿಪೆಟ್‌ನಿಂದ ಅಷ್ಟೇ ತಾಮ್ರವನ್ನು ಶುದ್ಧ ಆಮ್ಲದ ನೀರಿಗೆ ಸೇರಿಸಿ ನೋಡಿದಳು. ಶೇಕಡಾ 99 ಬಂತು. ಪಿಪೆಟ್ ಸರಿಯಿದೆ, ಕೊರತೆ ಸ್ಯಾಂಪಲ್‌ನಿಂದಲೇ ಬರುತ್ತಿದೆ. ಮುಂದೆ ಸ್ಯಾಂಪಲ್ಲನ್ನು ತೆಳು ಮಾಡಿ ಓದಿಸಿದಳು. ಎರಡು ಪಟ್ಟು ತೆಳು ಮಾಡಿ, ಬಂದದ್ದನ್ನು ಎರಡರಿಂದ ಗುಣಿಸಿದರೆ 1.40. ಐದು ಪಟ್ಟು ತೆಳು ಮಾಡಿ ಗುಣಿಸಿದರೆ 1.49. ತಾಮ್ರದ ಪ್ರಮಾಣ ಒಂದೇ ಇರುವಾಗ ಉತ್ತರ ಏರುತ್ತಾ ಹೋಗಬಾರದು. ಏರುತ್ತಿದೆ ಎಂದರೆ ಸ್ಯಾಂಪಲ್‌ನಲ್ಲಿ ಇರುವ ಬೇರೆ ಏನೋ ಸಿಗ್ನಲ್ಲನ್ನು ತಗ್ಗಿಸುತ್ತಿದೆ, ತೆಳು ಮಾಡಿದಷ್ಟೂ ಅದರ ಹಿಡಿತ ಸಡಿಲವಾಗುತ್ತಿದೆ.

ಕಾರಣ ಇದು: ತ್ಯಾಜ್ಯನೀರಿನಲ್ಲಿ ಕರಗಿದ ಲವಣ ಜಾಸ್ತಿ. ಅದರಿಂದ ದ್ರಾವಣ ಸ್ವಲ್ಪ ಮಂದವಾಗುತ್ತದೆ. ತುಂತುರು ಮಾಡುವ ಭಾಗ, ಅಂದರೆ ನೆಬ್ಯುಲೈಜರ್, ಅದನ್ನು ನಿಧಾನವಾಗಿ ಎಳೆಯುತ್ತದೆ ಮತ್ತು ಜ್ವಾಲೆಗೆ ತಲುಪುವ ಹನಿಗಳು ಕಡಿಮೆಯಾಗುತ್ತವೆ. ಸ್ಯಾಂಪಲ್‌ನಲ್ಲಿ ನಾವು ಅಳೆಯುವ ವಸ್ತು ಬಿಟ್ಟು ಉಳಿದದ್ದೆಲ್ಲವೂ ಮ್ಯಾಟ್ರಿಕ್ಸ್. ಇದು ಮ್ಯಾಟ್ರಿಕ್ಸ್ ಪರಿಣಾಮ. ಶುದ್ಧ ದ್ರಾವಣದಿಂದ ಎಳೆದ ಗೆರೆಗೆ ಇದರ ಸುಳಿವೇ ಇರುವುದಿಲ್ಲ. ಅದಕ್ಕೇ ಆರ್-ಸ್ಕ್ವೇರ್ ಎಷ್ಟೇ ಚೆನ್ನಾಗಿದ್ದರೂ ಉತ್ತರ ತಪ್ಪಾಗಬಹುದು.

ಆಮೇಲೆ ಅವಳು ಸ್ಟ್ಯಾಂಡರ್ಡ್ ಅಡಿಷನ್ ಮಾಡಿದಳು. ಅಂದರೆ ಗೊತ್ತಿರುವ ತಾಮ್ರವನ್ನು ಸ್ಯಾಂಪಲ್‌ಗೇ ಹಂತ ಹಂತವಾಗಿ ಸೇರಿಸಿ, ಗೆರೆಯನ್ನು ಸ್ಯಾಂಪಲ್‌ನ ಒಳಗೇ ಎಳೆಯುವುದು. ಈಗ ಇಳಿಜಾರು 0.098. ಸ್ಯಾಂಪಲ್‌ನ ಮೂಲ ಸಿಗ್ನಲ್ 0.148ನ್ನು ಇದರಿಂದ ಭಾಗಿಸಿದರೆ 1.51 ಮಿಲಿಗ್ರಾಂ/ಲೀಟರ್. ಐದು ಪಟ್ಟು ತೆಳು ಮಾಡಿ ಪಡೆದ 1.49ಕ್ಕೆ ಇದು ತೀರಾ ಹತ್ತಿರ. ಎರಡು ಬೇರೆ ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿದವು.

ಇಷ್ಟಾದ ಮೇಲೆ ಬಂದ ನಿರ್ಧಾರ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಎಲ್ಲ ಸ್ಯಾಂಪಲ್‌ಗೂ ಸ್ಟ್ಯಾಂಡರ್ಡ್ ಅಡಿಷನ್ ಮಾಡಿದರೆ ಸಮಯ ಬಹಳ ಬೇಕು. ಎಲ್ಲವನ್ನೂ ಐದು ಪಟ್ಟು ತೆಳು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ನಾಲ್ಕು ಸ್ಯಾಂಪಲ್‌ಗಳಲ್ಲಿ ತಾಮ್ರ ಸುಮಾರು 0.15 ಮಾತ್ರ ಇತ್ತು. ಐದು ಪಟ್ಟು ತೆಳು ಮಾಡಿದರೆ ಅದು 0.03 ಆಗುತ್ತದೆ. ಅವಳ ವಿಧಾನ ನಂಬಿಕೆಯಿಂದ ಅಳೆಯಬಲ್ಲ ಕನಿಷ್ಠ ಪ್ರಮಾಣ 0.05. ಹಾಗಾಗಿ ಎಂಟಕ್ಕೆ ತೆಳು ಮಾಡುವ ದಾರಿ, ನಾಲ್ಕಕ್ಕೆ ಮಾತ್ರ ಸ್ಟ್ಯಾಂಡರ್ಡ್ ಅಡಿಷನ್. ಈ ವಿಂಗಡಣೆಯನ್ನು ಅವಳೇ ಮಾಡಿದಳು, ಕಾರಣವನ್ನೂ ನೋಟ್‌ಬುಕ್‌ನಲ್ಲಿ ಬರೆದಿದ್ದಳು.

ನಿಮ್ಮ ವಿದ್ಯಾರ್ಥಿಯ ಕೆಲಸ ಕ್ರೊಮ್ಯಾಟೋಗ್ರಫಿ ಇರಬಹುದು, ಟೈಟ್ರೇಶನ್ ಇರಬಹುದು. ಹುಡುಕಬೇಕಾದದ್ದು ಇದೇ ನಾಲ್ಕು: ಅನುಮಾನ ಎಲ್ಲಿ ಹುಟ್ಟಿತು, ಯಾವ ಪರೀಕ್ಷೆಯಿಂದ ಯಾವ ಕಾರಣವನ್ನು ಪಕ್ಕಕ್ಕಿಟ್ಟಳು, ಕೊನೆಗೆ ಏನು ಬದಲಿಸಿದಳು, ಅದರಲ್ಲಿ ನಿಮ್ಮ ಪಾಲು ಎಷ್ಟು.

4. ನಡುವಿನ ಪ್ಯಾರಾ ಮೊದಲು ಬರೆಯಿರಿ

ಪತ್ರವನ್ನು ಮೇಲಿನಿಂದ ಶುರು ಮಾಡಿದರೆ "ಸಂತೋಷದಿಂದ ಶಿಫಾರಸು ಮಾಡುತ್ತೇನೆ" ಎಂಬಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಘಟನೆಯ ಪ್ಯಾರಾ ಮೊದಲು ಮುಗಿಸಿ. ಸಾಮಾನ್ಯವಾಗಿ ಬರೆಯುವುದು ಹೀಗೆ:

> ಇವರು ಎಎಎಸ್, ಎಚ್‌ಪಿಎಲ್‌ಸಿ, ಯುವಿ-ವಿಸಿಬಲ್ ಮತ್ತು ಎಫ್‌ಟಿಐಆರ್ ಉಪಕರಣಗಳಲ್ಲಿ ಪರಿಣತಿ ಹೊಂದಿದ್ದಾರೆ. ಶ್ರಮಜೀವಿ, ಪ್ರಾಮಾಣಿಕ, ವಿನಯವಂತ ವಿದ್ಯಾರ್ಥಿನಿ. ಇವರ ಕ್ಯಾಲಿಬ್ರೇಶನ್ 0.9996 ಆರ್-ಸ್ಕ್ವೇರ್ ಪಡೆದಿದೆ.

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಈ ಕ್ಷೇತ್ರದವರು ಓದಿದರೆ ಏನೂ ಸಿಗುವುದಿಲ್ಲ. ಆರ್-ಸ್ಕ್ವೇರ್ ಬಗ್ಗೆ ಹೆಮ್ಮೆಪಟ್ಟ ಸಾಲು ಹಾನಿಯನ್ನೇ ಮಾಡಬಹುದು. ಒಳ್ಳೆಯ ಆರ್-ಸ್ಕ್ವೇರ್ ಇದ್ದೂ ಫಲಿತಾಂಶ ತಪ್ಪಿರಬಹುದು ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದನ್ನೇ ಸಾಧನೆಯಾಗಿ ತೋರಿಸಿದರೆ, ಮಾರ್ಗದರ್ಶಕರಿಗೂ ವಿದ್ಯಾರ್ಥಿಗೂ ಆ ವ್ಯತ್ಯಾಸ ಗೊತ್ತಿಲ್ಲವೇನೋ ಎಂಬ ಸಂಶಯ ಬರುತ್ತದೆ.

ಈಗ ಅದೇ ವಿದ್ಯಾರ್ಥಿನಿಯ ಬಗ್ಗೆ:

> ತ್ಯಾಜ್ಯನೀರಿನ ತಾಮ್ರವನ್ನು ಫ್ಲೇಮ್ ಎಎಎಸ್‌ನಲ್ಲಿ ಅಳೆಯುವಾಗ ಇವರ ಕ್ಯಾಲಿಬ್ರೇಶನ್ ಗೆರೆಯಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ. ಆದರೂ ಇವರು ತಾವಾಗಿಯೇ ಸ್ಪೈಕ್ ರಿಕವರಿ ಮಾಡಿ, ಅದು ಶೇಕಡಾ 82 ಎಂದು ಕಂಡುಕೊಂಡರು. ಶುದ್ಧ ದ್ರಾವಣದಲ್ಲಿ ಅದೇ ಪರೀಕ್ಷೆ ಮಾಡಿ ಪಿಪೆಟ್‌ನ ತಪ್ಪಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ನನ್ನ ಬಳಿ ಬಂದರು. ಲವಣದ ಪ್ರಭಾವ ಇರಬಹುದು ಎಂದಷ್ಟೇ ನಾನು ಹೇಳಿದೆ. ತೆಳು ಮಾಡಿ ನೋಡುವ ಪರೀಕ್ಷೆ ಮತ್ತು ಸ್ಟ್ಯಾಂಡರ್ಡ್ ಅಡಿಷನ್ ಎರಡನ್ನೂ ಇವರೇ ಯೋಜಿಸಿದರು. 1.23 ಎಂದು ಓದಿದ್ದ ಸ್ಯಾಂಪಲ್‌ನಲ್ಲಿ ನಿಜವಾಗಿ ಸುಮಾರು 1.5 ಮಿಲಿಗ್ರಾಂ/ಲೀಟರ್ ತಾಮ್ರವಿದೆ ಎಂದು ಎರಡು ದಾರಿಗಳಿಂದ ತೋರಿಸಿದರು. ಕಡಿಮೆ ತಾಮ್ರವಿದ್ದ ನಾಲ್ಕು ಸ್ಯಾಂಪಲ್‌ಗಳನ್ನು ತೆಳು ಮಾಡಿದರೆ ಅಳತೆಯ ಮಿತಿಗಿಂತ ಕೆಳಗೆ ಹೋಗುತ್ತವೆ ಎಂದು ಗುರುತಿಸಿ, ಅವಕ್ಕೆ ಮಾತ್ರ ಸ್ಟ್ಯಾಂಡರ್ಡ್ ಅಡಿಷನ್ ಆರಿಸಿಕೊಂಡರು.

ಇಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ. ಆದರೆ ಓದಿದವರು ತಾವೇ ತೀರ್ಮಾನಕ್ಕೆ ಬರುತ್ತಾರೆ. "ನಾನು ಇಷ್ಟೇ ಹೇಳಿದೆ" ಎಂಬ ವಾಕ್ಯವನ್ನು ಬಿಡಬೇಡಿ. ಸಹಾಯ ಎಲ್ಲಿ ಮುಗಿಯಿತು, ಅವಳ ಸ್ವಂತ ಯೋಚನೆ ಎಲ್ಲಿ ಶುರುವಾಯಿತು ಎಂದು ತೋರಿಸುವುದು ಆ ವಾಕ್ಯವೇ.

ಸಂಖ್ಯೆ ಎಷ್ಟಿರಬೇಕು? ಘಟನೆ ಅರ್ಥವಾಗಲು ಬೇಕಾದಷ್ಟು ಸಾಕು. ಮೇಲಿನ ಪ್ಯಾರಾದಲ್ಲಿ ಇಳಿಜಾರಿನ ಸಂಖ್ಯೆ ಬಿಟ್ಟಿದ್ದೇನೆ, ಅದು ಇಲ್ಲದೆಯೂ ಕಥೆ ನಿಲ್ಲುತ್ತದೆ. ಬರೆದ ಸಂಖ್ಯೆಗಳನ್ನು ಮಾತ್ರ ಮೂಲ ದತ್ತಾಂಶದ ಜೊತೆ ಹೋಲಿಸಿ ನೋಡಿ. ವಿದ್ಯಾರ್ಥಿಯ ಉದ್ದೇಶ ಪತ್ರದಲ್ಲಿ 80, ನಿಮ್ಮ ಪತ್ರದಲ್ಲಿ 82 ಎಂದಿದ್ದರೆ, ಅಳತೆಯ ವಿದ್ಯೆಗೇ ಅರ್ಜಿ ಹಾಕುವಾಗ ಅದು ಕಣ್ಣಿಗೆ ಬೀಳುತ್ತದೆ.

5. ಉಪಕರಣದ ಹೆಸರಿನ ಜೊತೆ ಸ್ವಾತಂತ್ರ್ಯದ ಮಟ್ಟವನ್ನೂ ಹೇಳಿ

"ಎಚ್‌ಪಿಎಲ್‌ಸಿ ಬಲ್ಲರು" ಎಂದರೆ ಹಲವು ಅರ್ಥ ಬರುತ್ತದೆ. ಬೇರೆಯವರು ಸಿದ್ಧ ಮಾಡಿಟ್ಟ ವಿಧಾನದಲ್ಲಿ ವಯಲ್ ಇಟ್ಟು ಬಟನ್ ಒತ್ತಿರಬಹುದು. ದ್ರಾವಕ ತಯಾರಿಸಿ, ಕಾಲಂ ಹೊಂದಿಸಿ, ಪೀಕ್‌ಗಳನ್ನು ತಾನೇ ಇಂಟಿಗ್ರೇಟ್ ಮಾಡಿರಬಹುದು. ಪೀಕ್‌ಗೆ ಬಾಲ ಬಂದಾಗ ಕಾಲಂ ಹಾಳಾಗಿದೆಯೋ, ಮೊಬೈಲ್ ಫೇಸ್‌ನ ಪಿಎಚ್ ತಪ್ಪಿದೆಯೋ ಎಂದು ಹುಡುಕಿ ಸರಿಪಡಿಸಿರಬಹುದು. ಈ ಮೂರಕ್ಕೂ ಅಜಗಜಾಂತರ ವ್ಯತ್ಯಾಸ.

ಹಾಗಾಗಿ ಒಂದೆರಡು ಉಪಕರಣ ಸಾಕು, ಆದರೆ ಮಟ್ಟ ಸ್ಪಷ್ಟವಾಗಿರಲಿ. "ಎಎಎಸ್‌ನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತಾರೆ. ದೀಪ ಹೊಂದಿಸುವುದರಿಂದ ಹಿಡಿದು ನೆಬ್ಯುಲೈಜರ್ ಕಟ್ಟಿಕೊಂಡಾಗ ಸ್ವಚ್ಛ ಮಾಡುವವರೆಗೆ ಯಾರ ನೆರವೂ ಬೇಕಿಲ್ಲ. ಎಚ್‌ಪಿಎಲ್‌ಸಿಯನ್ನು ಸಿದ್ಧ ವಿಧಾನದಲ್ಲಿ ಮಾತ್ರ ನಡೆಸಿದ್ದಾರೆ." ಎರಡನೆಯ ಮಾತು ವಿದ್ಯಾರ್ಥಿಗೆ ತೊಂದರೆ ಕೊಡುತ್ತದೆ ಎಂದು ಹೆದರಬೇಡಿ. ಅದು ಇರುವುದರಿಂದಲೇ ಮೊದಲನೆಯ ಮಾತನ್ನು ಓದುವವರು ನಂಬುತ್ತಾರೆ.

6. ಹೋಲಿಕೆ ಮತ್ತು ಕೊರತೆ

ಸಮಿತಿಗೆ ನಿಮ್ಮ ಅಳತೆಗೋಲು ಗೊತ್ತಿಲ್ಲ. ಒಂದು ವಾಕ್ಯದಲ್ಲಿ ಅದನ್ನು ಕೊಡಿ: "ಕಳೆದ ಐದು ವರ್ಷಗಳಲ್ಲಿ ನನ್ನ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಮಾಡಿದ ಒಂಬತ್ತು ಪದವಿ ವಿದ್ಯಾರ್ಥಿಗಳಲ್ಲಿ ಮೊದಲ ಇಬ್ಬರಲ್ಲಿ ಇವರನ್ನು ಇಡುತ್ತೇನೆ." ಒಂಬತ್ತು ಜನರನ್ನು ನೋಡಿ "ಮೊದಲ ಶೇಕಡಾ 1" ಎಂದು ಬರೆದರೆ ಲೆಕ್ಕವೇ ಕೂಡುವುದಿಲ್ಲ. ಅನೇಕ ಆನ್‌ಲೈನ್ ಫಾರಂಗಳಲ್ಲಿ ಇಂಥ ಶೇಕಡಾವಾರು ಕೋಷ್ಟಕವನ್ನು ತುಂಬಲೇಬೇಕಾಗುತ್ತದೆ. ಅಲ್ಲಿ ಎಲ್ಲ ಸಾಲಿಗೂ ಅತ್ಯುನ್ನತ ಅಂಕ ಒತ್ತಬೇಡಿ. ನೀವು ನೋಡದ ಗುಣಕ್ಕೆ "ಹೇಳಲು ಆಧಾರವಿಲ್ಲ" ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿ. ಪತ್ರದಲ್ಲಿ ಬರೆದದ್ದಕ್ಕೂ ಕೋಷ್ಟಕಕ್ಕೂ ತಾಳೆ ಇರಲಿ.

ಕೊರತೆ ಬರೆಯಬೇಕಾ? ಫಾರಂ ಕೇಳಿದರೆ ಬರೆಯಲೇಬೇಕು. ಕೇಳದಿದ್ದರೂ, ತಿದ್ದಿಕೊಂಡದ್ದಕ್ಕೆ ನಿಮ್ಮ ಬಳಿ ಸಾಕ್ಷಿ ಇದ್ದರೆ ಬರೆಯಿರಿ. "ಅತಿಯಾಗಿ ದುಡಿಯುತ್ತಾರೆ" ಎಂಬಂಥ ಹುಸಿ ಕೊರತೆ ಬೇಡ. ನಮ್ಮ ಉದಾಹರಣೆಯಲ್ಲಿ ನಿಜವಾದದ್ದು ಹೀಗಿರಬಹುದು:

> ಶುರುವಿನಲ್ಲಿ ಉಪಕರಣ ತೋರಿಸಿದ ಎಲ್ಲ ಅಂಕಿಗಳನ್ನೂ ಹಾಗೇ ಬರೆಯುತ್ತಿದ್ದರು, 1.5063 ಎಂಬಂತೆ. ಮೂರು ಬಾರಿ ಅಳೆದಾಗ ಬರುವ ಏರಿಳಿತವನ್ನು ಲೆಕ್ಕ ಹಾಕಲು ಹೇಳಿದೆ. ಆ ಬಳಿಕದ ಎಲ್ಲ ಫಲಿತಾಂಶಗಳನ್ನು 1.51 ± 0.04 ಎಂಬ ರೂಪದಲ್ಲೇ ಕೊಟ್ಟಿದ್ದಾರೆ. ಅಂಕಿಅಂಶ ವಿಶ್ಲೇಷಣೆಯಲ್ಲಿ ಇನ್ನೂ ತರಬೇತಿ ಬೇಕು. ಈ ಕೋರ್ಸ್‌ನಲ್ಲಿ ಅದು ಸಿಗುತ್ತದೆ.

ಕೊನೆಯ ವಾಕ್ಯ ಬರೆಯುವ ಮೊದಲು ಕೋರ್ಸ್‌ನ ಪಠ್ಯಕ್ರಮ ತೆರೆದು, ಆ ವಿಷಯ ನಿಜವಾಗಿಯೂ ಇದೆಯಾ ನೋಡಿಕೊಳ್ಳಿ. ಇದ್ದರೆ ಕೊರತೆಯೇ ಕೋರ್ಸ್‌ಗೆ ಅರ್ಜಿ ಹಾಕಲು ಕಾರಣವಾಗುತ್ತದೆ. ಇಲ್ಲದಿದ್ದರೆ ಆ ಸಾಲು ತೆಗೆದುಬಿಡಿ.

ವಿಶೇಷಣಗಳ ಬಗ್ಗೆಯೂ ಒಂದು ಮಾತು. ಹುಡುಗರಿಗೆ "ಸ್ವತಂತ್ರ ಚಿಂತಕ" ಎಂದು, ಹುಡುಗಿಯರಿಗೆ "ಶ್ರಮಜೀವಿ, ಸೌಮ್ಯ ಸ್ವಭಾವ" ಎಂದು ಬರೆಯುವ ಅಭ್ಯಾಸ ನಮಗೆ ಗೊತ್ತಿಲ್ಲದೆಯೇ ಬಂದಿರುತ್ತದೆ. ಡ್ರಾಫ್ಟ್ ಮುಗಿದ ಮೇಲೆ ವಿಶೇಷಣಗಳಿಗೆ ಮಾತ್ರ ಗೆರೆ ಹಾಕಿಕೊಂಡು ಓದಿ. ಮನೆಯ ಪರಿಸ್ಥಿತಿ, ಆರೋಗ್ಯ, ಮದುವೆಯಂಥ ವಿಷಯಗಳು ಪತ್ರದಲ್ಲಿ ಬರಲೇಬಾರದು. ಅನಾರೋಗ್ಯದಿಂದ ಕೆಲಸ ನಿಂತಿದ್ದರೆ, ಅದನ್ನು ಹೇಳಬೇಕೋ ಬೇಡವೋ ಎಂಬುದು ವಿದ್ಯಾರ್ಥಿಯ ತೀರ್ಮಾನ. ಅವಳು ಕೇಳಿಕೊಂಡರೆ ಮಾತ್ರ ಬರೆಯಿರಿ.

7. ಶುರು, ಕೊನೆ, ಉದ್ದ

ಮೊದಲ ಪ್ಯಾರಾದಲ್ಲಿ ಮೂರು ಸಂಗತಿ ಇರಲಿ: ನೀವು ಯಾರು, ವಿದ್ಯಾರ್ಥಿಯನ್ನು ಎಷ್ಟು ಕಾಲ ಮತ್ತು ಯಾವ ಕೆಲಸದಲ್ಲಿ ನೋಡಿದ್ದೀರಿ, ಯಾವ ಕೋರ್ಸ್‌ಗೆ ಶಿಫಾರಸು ಮಾಡುತ್ತಿದ್ದೀರಿ. "ಆರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ" ಎಂದು ಬರೆದರೆ "ದೀರ್ಘಕಾಲದಿಂದ ಬಲ್ಲೆ" ಎನ್ನುವುದಕ್ಕಿಂತ ಸ್ಪಷ್ಟ. ಕೊನೆಯ ಪ್ಯಾರಾದಲ್ಲಿ ಶಿಫಾರಸಿನ ಬಲವನ್ನು ನೇರವಾಗಿ ಹೇಳಿ. "ಇವರು ಮತ್ತೆ ನನ್ನ ಲ್ಯಾಬ್‌ಗೆ ಬಂದರೆ ಖಂಡಿತ ಸೇರಿಸಿಕೊಳ್ಳುತ್ತೇನೆ" ಎಂಬುದು ನಿಜವಿದ್ದರೆ ಅದಕ್ಕಿಂತ ಬೇರೆ ಮಾತು ಬೇಕಿಲ್ಲ. ನಿಮ್ಮನ್ನು ಸಂಪರ್ಕಿಸುವ ವಿಳಾಸ ಕೊಡಿ.

ಒಟ್ಟು ಒಂದರಿಂದ ಒಂದೂವರೆ ಪುಟ. ಅರ್ಧ ಪುಟಕ್ಕೆ ನಿಲ್ಲಿಸಿದರೆ ನಿಮಗೆ ಹೇಳಲು ಏನೂ ಇರಲಿಲ್ಲ ಎಂದು ಓದುವವರು ಅಂದುಕೊಳ್ಳುತ್ತಾರೆ. ಅಂಕಗಳನ್ನು ಮತ್ತೆ ಬರೆದು ಜಾಗ ತುಂಬಬೇಡಿ.

8. ಗೌಪ್ಯತೆ ನೋಡಿಕೊಳ್ಳಿ

ಲ್ಯಾಬ್ ಪತ್ರಗಳಲ್ಲಿ ಮಾತ್ರ ಬರುವ ತೊಡಕು ಇದು. ಸ್ಯಾಂಪಲ್ ಒಂದು ಕಂಪನಿಯಿಂದ ಬಂದಿರಬಹುದು, ಅಥವಾ ಫಲಿತಾಂಶ ಇನ್ನೂ ಪ್ರಕಟವಾಗಿಲ್ಲದಿರಬಹುದು. ಗುಟ್ಟು ಕಾಯುವ ಒಪ್ಪಂದ ಇದ್ದರೆ ಸ್ಯಾಂಪಲ್‌ನ ಮೂಲ, ಸ್ಥಳ, ನಿಜವಾದ ಪ್ರಮಾಣ ಬರೆಯಬೇಡಿ. "ಲವಣಾಂಶ ಹೆಚ್ಚಿರುವ ಕೈಗಾರಿಕಾ ನೀರು" ಎಂದರೆ ಸಾಕು. ರಿಕವರಿಯ ಶೇಕಡಾವಾರು ಹೇಳಿದರೆ ಸಾಮಾನ್ಯವಾಗಿ ಯಾರ ಗುಟ್ಟೂ ಹೊರಬೀಳುವುದಿಲ್ಲ, ಘಟನೆಯೂ ಉಳಿಯುತ್ತದೆ. ಒಪ್ಪಂದದ ಮಾತು ಬಿಗಿಯಾಗಿದ್ದರೆ ಕಳಿಸುವ ಮೊದಲು ಆ ಸಂಸ್ಥೆಯವರಿಂದ ಒಪ್ಪಿಗೆ ಪಡೆಯಿರಿ. ವಿದ್ಯಾರ್ಥಿಯ ಉದ್ದೇಶ ಪತ್ರದಲ್ಲೂ ಇದೇ ಎಚ್ಚರ ಇದೆಯಾ ಎಂದು ಒಮ್ಮೆ ನೋಡಿ.

9. ಸಲ್ಲಿಸುವಾಗ

ಹೆಚ್ಚಿನ ಕಡೆ ವಿದ್ಯಾರ್ಥಿ ನಿಮ್ಮ ಇಮೇಲ್ ವಿಳಾಸ ನಮೂದಿಸುತ್ತಾಳೆ, ಪತ್ರ ಹಾಕುವ ಲಿಂಕ್ ನೇರವಾಗಿ ನಿಮಗೆ ಬರುತ್ತದೆ. ಆ ಲಿಂಕ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುವುದು ತುಂಬಾ ಸಾಮಾನ್ಯ. ಯಾವ ದಿನ ನಮೂದಿಸಿದಳು ಎಂದು ಕೇಳಿಕೊಂಡು ಅಂದೇ ಹುಡುಕಿ. ವೈಯಕ್ತಿಕ ವಿಳಾಸವನ್ನು ಹಲವು ಕಡೆ ಒಪ್ಪುವುದಿಲ್ಲ. ಸಂಸ್ಥೆಯ ವಿಳಾಸವನ್ನೇ ಕೊಡಿ.

ಅರ್ಜಿಯಲ್ಲಿ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಕೆಲವೆಡೆ ವಿದ್ಯಾರ್ಥಿಯನ್ನು ಕೇಳುತ್ತಾರೆ. ಬಿಟ್ಟುಕೊಟ್ಟರೆ ಪತ್ರ ಗೋಪ್ಯ ಎಂದು ಅರ್ಥ. ಅವಳು ಏನು ಆರಿಸಿದ್ದಾಳೆ ಎಂದು ಗೊತ್ತಿರಲಿ, ಆದರೆ ಇದನ್ನೇ ಆರಿಸು ಎಂದು ಒತ್ತಾಯಿಸಬೇಡಿ.

ಸಂಸ್ಥೆಯ ಲೆಟರ್‌ಹೆಡ್, ದಿನಾಂಕ, ಸಹಿ, ಹುದ್ದೆ ಇರಲಿ. ಪಿಡಿಎಫ್ ಮಾಡಿದ ಮೇಲೆ ಒಮ್ಮೆ ತೆರೆದು ನೋಡಿ, ± ಅಥವಾ µ ಚಿಹ್ನೆ ಚೌಕವಾಗಿ ಕಾಣುತ್ತಿಲ್ಲ ತಾನೇ? µg ಎಂಬುದು mg ಆಗಿಬಿಟ್ಟರೆ ಸಾವಿರ ಪಟ್ಟು ವ್ಯತ್ಯಾಸ. ಒಂದೇ ಪತ್ರವನ್ನು ಹಲವು ಕೋರ್ಸ್‌ಗಳಿಗೆ ಕಳಿಸುವಾಗ ಬದಲಾಗಬೇಕಾದ ಕೋರ್ಸ್ ಹೆಸರು ಎರಡು ಕಡೆ ಇರುತ್ತದೆ: ಮೊದಲ ಪ್ಯಾರಾ, ಮತ್ತು ಕೊರತೆಯನ್ನು ಕೋರ್ಸ್‌ಗೆ ಜೋಡಿಸಿದ ಸಾಲು. ಎರಡನೆಯದನ್ನು ಬದಲಿಸಲು ಮರೆಯುವವರೇ ಜಾಸ್ತಿ.

ಸಲ್ಲಿಸಿದ ಮೇಲೆ "ಇಂದು ಹಾಕಿದ್ದೇನೆ" ಎಂದು ವಿದ್ಯಾರ್ಥಿಗೆ ಒಂದು ಸಾಲು ಕಳಿಸಿ, ಅರ್ಜಿಯ ಪುಟದಲ್ಲಿ ಪತ್ರ ತಲುಪಿದೆ ಎಂದು ಅವಳಿಗೆ ಕಾಣುತ್ತಿದೆಯಾ ಎಂದು ಕೇಳಿ. ಪತ್ರದ ಪ್ರತಿಯನ್ನೂ, ಅದಕ್ಕೆ ಆಧಾರವಾದ ನೋಟ್‌ಬುಕ್ ಪುಟಗಳ ಸಂಖ್ಯೆಯನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಸಮಿತಿಯವರು ಕರೆ ಮಾಡಿ "ಆ 82 ಶೇಕಡಾ ವಿಷಯ ಸ್ವಲ್ಪ ಹೇಳಿ" ಎಂದು ಕೇಳಿದರೆ ತೆರೆದು ನೋಡಲು ಅದು ಬೇಕಾಗುತ್ತದೆ.